ಚಹಾ ಕುಡಿಯುವಾಗಲೇ ಮುಗಿದುಹೋದ ಕತೆ

ಶಿರಸಿಯ ಒಂದು ಕೇಬಲ್ ಚಾನೆಲ್‌ನಲ್ಲಿ ರಾತ್ರಿ ಒಂಬತ್ತೂವರೆಗೆ ಬರುವ ಮಾತುಕತೆ ಕಾರ್ಯಕ್ರಮಕ್ಕೆ ನಾನು ಪ್ರೊಡ್ಯೂಸರ್. ಸ್ಟುಡಿಯೋ ಅಂದರೆ ಜೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ. ಮೇಲೆ ತಗಡಿನ ಮಾಡು, ಮಳೆ ಜೋರಾದರೆ ಶೂಟಿಂಗ್ ಬಂದ್. ಜಾಹೀರಾತು ಕಳೆದು ನಮಗೆ ಉಳಿಯುವುದು 24 ನಿಮಿಷ.

ಶುರುವಿನ ದಿನಗಳಲ್ಲಿ ಒಂದು ಸಂಚಿಕೆ ಪೂರ್ತಿ ಕೈಕೊಟ್ಟಿತು. ಅತಿಥಿಗಳು ಇಬ್ಬರು. ಒಬ್ಬರು ಯಕ್ಷಗಾನದ ಹಿರಿಯ ಹಾಸ್ಯಗಾರರು, ಇನ್ನೊಬ್ಬ ಕುಮಟಾದ ಹುಡುಗ, ಆಗಷ್ಟೇ ಧಾರಾವಾಹಿಯಲ್ಲಿ ಹೆಸರು ಮಾಡುತ್ತಿದ್ದವನು. ಹಾಸ್ಯಗಾರರು ಒಂದು ಗಂಟೆ ಮೊದಲೇ ಬಂದರು. ನಮ್ಮ ನಿರೂಪಕಿ ಮರ್ಯಾದೆಗೆ ಚಹಾ ಕೊಟ್ಟು ಎದುರಿಗೆ ಕೂತಳು. ಅವರು ಹೊನ್ನಾವರದ ಕಡೆ ಒಂದು ಆಟದಲ್ಲಿ ಕರೆಂಟ್ ಹೋದ ಕತೆ ತೆಗೆದರು. ಕೋಣೆಯಲ್ಲಿದ್ದವರೆಲ್ಲ ನಕ್ಕು ನಕ್ಕು ಸುಸ್ತಾದೆವು.

ಕ್ಯಾಮೆರಾ ಶುರುವಾದ ಮೇಲೆ ಅವಳು ಅದನ್ನೇ ಕೇಳಿದಳು. ಅವರು ಹೇಳಿದ್ದು ಇಷ್ಟು: "ಆಗ ಚಾ ಕುಡೀವಾಗ ಹೇಳಿದ್ನಲ್ಲ ತಂಗಿ, ಅದೇ. ಕರೆಂಟ್ ಹೋತು, ಗ್ಯಾಸ್‌ಲೈಟಲ್ಲಿ ಆಟ ಮುಗಿಸಿದ್ವು." ಆರು ನಿಮಿಷದ ಕತೆ ಇಪ್ಪತ್ತು ಸೆಕೆಂಡಿಗೆ ಮುಗಿಯಿತು. ಇವಳೋ, ನಗು ಬರುವ ಜಾಗಕ್ಕೆ ಮೊದಲೇ ನಕ್ಕುಬಿಟ್ಟಿದ್ದಳು. ಅತಿಥಿ ತಪ್ಪಿಲ್ಲ, ನಿರೂಪಕಿ ತಪ್ಪೂ ಅಲ್ಲ. ಅವರಿಬ್ಬರನ್ನು ಒಟ್ಟಿಗೆ ಕೂರಿಸಿದ್ದು ನನ್ನ ತಪ್ಪು.

ಅಮೆರಿಕದ ರಾತ್ರಿ ಶೋಗಳಲ್ಲಿ ಇದಕ್ಕೆಂದೇ ಒಬ್ಬರು ಇರುತ್ತಾರೆ. ಅವರನ್ನು ಸೆಗ್ಮೆಂಟ್ ಪ್ರೊಡ್ಯೂಸರ್ ಅನ್ನುತ್ತಾರೆ. ಅತಿಥಿಯ ಜೊತೆ ಮೊದಲೇ ಮಾತಾಡಿ, ಯಾವ ಕತೆ ಕೆಲಸಕ್ಕೆ ಬರುತ್ತದೆ ಅಂತ ಆರಿಸಿ, ನಿರೂಪಕನಿಗೆ ಟಿಪ್ಪಣಿ ಕೊಡುವುದು ಅವರ ಕೆಲಸ. ನೋಡುವವರಿಗೆ ಅಲ್ಲಿನ ಮಾತು ಸುಮ್ನೆ ಹರಟೆಯ ಹಾಗೆ ಕಾಣುತ್ತದೆ. ಆದರೆ ಹೆಚ್ಚಿನ ಪ್ರಶ್ನೆಗಳು ಉತ್ತರ ಗೊತ್ತಿದ್ದೇ ಹುಟ್ಟಿದವು.

ನಾನೂ ಹಾಗೇ ಶುರು ಮಾಡಿದೆ. ಮೂರು ದಿನ ಮೊದಲು ಅತಿಥಿಗೆ ಫೋನ್ ಮಾಡುತ್ತೇನೆ, ಅರ್ಧ ಗಂಟೆ. "ನಿಮ್ಮ ಸಾಧನೆ ಹೇಳಿ" ಅಂದರೆ ಬಯೋಡಾಟಾ ಬರುತ್ತದೆ, ಕತೆ ಬರುವುದಿಲ್ಲ. ಹಾಗಾಗಿ "ಯಾವತ್ತು ಮರ್ಯಾದೆ ಹೋಯ್ತು?", "ಮನೆಯವರು ಇವತ್ತಿಗೂ ಯಾವುದನ್ನು ಎತ್ತಿ ಆಡ್ಕೊಳ್ತಾರೆ?" ಅಂತ ಕೇಳುತ್ತೇನೆ. ಐದಾರು ಕತೆ ಸಿಗುತ್ತವೆ, ಮೂರು ಇಟ್ಟುಕೊಳ್ಳುತ್ತೇನೆ. ಒಳ್ಳೆಯ ಕತೆ ಬಂದಾಗ ಫೋನಲ್ಲಿ ಜಾಸ್ತಿ ನಗಬಾರದು ಅನ್ನುವುದನ್ನು ಆಮೇಲೆ ಕಲಿತೆ. ನಕ್ಕರೆ ಅವರು ಅಲ್ಲೇ ಪೂರ್ತಿ ಬಿಚ್ಚಿ ಹೇಳಿಬಿಡುತ್ತಾರೆ, ಶೂಟಿಂಗ್ ದಿನ ಹುಮ್ಮಸ್ಸು ಉಳಿಯುವುದಿಲ್ಲ.

ನಿರೂಪಕಿಗೆ ಹೋಗುವ ಕಾರ್ಡ್‌ನಲ್ಲಿ ನಾನು ಕತೆ ಬರೆಯುವುದಿಲ್ಲ. ಒಳಗೆ ಹೋಗುವ ಬಾಗಿಲು, ಹೊರಗೆ ಬರುವ ಬಾಗಿಲು, ಅಷ್ಟೇ. ಅದೇ ಹಾಸ್ಯಗಾರರನ್ನು ನಾಲ್ಕು ತಿಂಗಳು ಬಿಟ್ಟು ಮತ್ತೆ ಕರೆದೆವು. ಆಗಿನ ಕಾರ್ಡ್ ಹೀಗಿತ್ತು:

ಕೇಳುವುದು: ಕರೆಂಟ್ ಹೋದರೂ ಆಟ ನಿಲ್ಲಿಸಲಿಲ್ಲವಂತೆ?
ಕೊನೆ ಮಾತು: "ಅವನಿಗೂ ಸಂಬಳ ಕೊಡಿ."

ಮಧ್ಯದ್ದು ಅವಳಿಗೆ ಅರ್ಧ ಮರೆತೇ ಹೋಗಿತ್ತು, ಒಳ್ಳೆಯದೇ ಆಯಿತು. ಗ್ಯಾಸ್‌ಲೈಟ್ ಹಿಡಿದು ರಂಗಸ್ಥಳಕ್ಕೆ ಬಂದ ಹುಡುಗನನ್ನೇ ಇವರು ಪಾತ್ರ ಮಾಡಿಕೊಂಡು ಮಾತಾಡಿಸುತ್ತಾರೆ. ಅವನು ಹೆದರಿ ಉತ್ತರ ಕೊಡುತ್ತಾನೆ. ಬೆಳಗ್ಗೆ ಯಜಮಾನರ ಹತ್ತಿರ ಇವರು ಹೇಳುವ ಮಾತು ಆ ಸಂಬಳದ್ದು. ಕೊನೆ ಮಾತು ಯಾಕೆ ಬೇಕು ಅಂದರೆ, ಕತೆ ಹೇಳುವವರು ನಡುವೆ ಉಸಿರು ತೆಗೆದುಕೊಳ್ಳುತ್ತಾರೆ. ಮುಗಿಯಿತು ಅಂದುಕೊಂಡು ನಿರೂಪಕರು ಮುಂದಿನ ಪ್ರಶ್ನೆಗೆ ಹಾರಿಬಿಡುತ್ತಾರೆ. ಕೊನೆ ಮಾತು ಗೊತ್ತಿದ್ದರೆ ಅದು ಬರುವವರೆಗೆ ಕಾಯುತ್ತಾರೆ.

ಆ ಸಲ ಕೂರಿಸುವ ಕ್ರಮವನ್ನೂ ಬದಲಿಸಿದೆ. ಮೊದಲು ನಿರೂಪಕಿ ನಡುವೆ, ಅತಿಥಿಗಳು ಆಚೆ ಈಚೆ. ನೋಡಲು ಪಂಚಾಯ್ತಿ ಕಟ್ಟೆಯ ಹಾಗೆ ಲಕ್ಷಣವಾಗಿತ್ತು. ಆದರೆ ನಮ್ಮ ಹತ್ತಿರ ಇರುವುದು ಎರಡೇ ಕ್ಯಾಮೆರಾ. ಅವಳು ಆಚೆ ತಿರುಗಿದರೆ ಒಂದಕ್ಕೆ ಕಿವಿ, ಈಚೆ ತಿರುಗಿದರೆ ಇನ್ನೊಂದಕ್ಕೆ ಜಡೆ. ಈಗ ನೋಡುವವರ ಬಲಗಡೆ ಅವಳು, ಎಡಗಡೆ ಸಾಲಾಗಿ ಅತಿಥಿಗಳು. ಅವಳ ಮುಖ ಯಾವಾಗಲೂ ಒಂದೇ ದಿಕ್ಕಿಗೆ, ಒಂದು ಕ್ಯಾಮೆರಾ ಅವಳಿಗೇ ಮೀಸಲು.

ಹಿಂದೆ ಒಬ್ಬರ ಮಾತು ಮುಗಿದ ಮೇಲೆ ಚಪ್ಪಾಳೆ ತಟ್ಟಿ ಕಳಿಸುತ್ತಿದ್ದೆವು. ಅದೂ ತಪ್ಪು. ಅಮೆರಿಕದಲ್ಲಿ ಜಾನಿ ಕಾರ್ಸನ್ 1962ರಿಂದ 1992ರವರೆಗೆ 'ದಿ ಟುನೈಟ್ ಶೋ' ನಡೆಸಿದರು. ಅಲ್ಲಿ ಮೊದಲ ಅತಿಥಿ ಎರಡನೆಯವರು ಬಂದಾಗ ಎದ್ದು ಹೋಗದೆ ಸೋಫಾದಲ್ಲಿ ಪಕ್ಕಕ್ಕೆ ಸರಿಯುತ್ತಿದ್ದರು. ನಿರೂಪಕನ ಪಕ್ಕದ ಕುರ್ಚಿ ಹೊಸಬರಿಗೆ. ಬ್ರಿಟನ್‌ನ ಗ್ರಹಾಂ ನಾರ್ಟನ್ ಎಲ್ಲರನ್ನೂ ಒಂದೇ ಸೋಫಾದಲ್ಲಿ ಒಟ್ಟಿಗೆ ಕೂರಿಸುತ್ತಾರೆ. ಎರಡರಲ್ಲೂ ಲಾಭ ಒಂದೇ: ಕತೆ ಹೇಳುವವರ ಪಕ್ಕದಲ್ಲಿ ಕೇಳುವ ಇನ್ನೊಂದು ಮುಖ ಇರುತ್ತದೆ. ನಮ್ಮಲ್ಲಿ 2014ರಲ್ಲಿ ಶುರುವಾದ 'ವೀಕೆಂಡ್ ವಿತ್ ರಮೇಶ್' ಬೇರೆ ಜಾತಿಯದು. ಅಲ್ಲಿ ಕುರ್ಚಿ ಒಬ್ಬರಿಗೇ, ಉಳಿದವರೆಲ್ಲ ಅವರನ್ನು ನೋಡಲು ಬರುವವರು. ಆ ಕ್ರಮಕ್ಕೆ ಒಂದೇ ಬದುಕಿನ ಸುತ್ತ ತುಂಬಾ ಜನರನ್ನು ಹುಡುಕಿ ತರಬೇಕು. ನಮ್ಮ ಕೋಣೆಯಲ್ಲಿ ನಿಲ್ಲಲೂ ಜಾಗವಿಲ್ಲ.

ಹಾಗಾಗಿ ಎರಡನೇ ಸಲ ಧಾರಾವಾಹಿ ಹುಡುಗನನ್ನು ಮೊದಲು ತಂದೆ. ಜನ ಟಿವಿ ಹಾಕುವುದು ಅವನಿಗಾಗಿ, ಕಾಯಿಸಿದರೆ ಚಾನೆಲ್ ಬದಲಿಸುತ್ತಾರೆ. ಹಿರಿಯರನ್ನು ಎರಡನೆಯವರಾಗಿ ಕರೆಯುವುದು ಅವಮಾನ ಅಲ್ವಾ ಅಂತ ಕ್ಯಾಮೆರಾದವನು ಕೇಳಿದ. ಹಾಸ್ಯಗಾರರೇ ನಕ್ಕರು. "ಎಂತಕ್ಕೆ ಅವಮಾನ ಮಾರಾಯ? ಆಟದಲ್ಲಿ ನಾ ಬಪ್ಪುದೇ ಜನ ತೂಕಡಿಸೂಕೆ ಹಿಡಿದ ಮೇಲೆ."

ಲೆಕ್ಕ ಹೀಗೆ ಹಾಕಿದೆ. ನಿರೂಪಕಿಯ ಮೊದಲ ಮಾತು ಎರಡು ನಿಮಿಷ, ಹುಡುಗ ಎಂಟು, ನಮ್ಮ ವಾರದ ಆಟ ಮೂರು, ಹಾಸ್ಯಗಾರರು ಒಂಬತ್ತು, ಮುಕ್ತಾಯಕ್ಕೆ ಎರಡು. ವಾರದ ಆಟ ಅಂದರೆ ಅಪ್ಪೆಮಿಡಿ. ಎರಡು ಬಾಟಲಿ ಉಪ್ಪಿನಕಾಯಿ ಇಡುತ್ತೇವೆ. ರುಚಿ ನೋಡಿ ಯಾವುದು ಹೊಳೆಸಾಲಿನ ಮಿಡಿ ಅಂತ ಹೇಳಬೇಕು. ಇದನ್ನು ಇಬ್ಬರು ಅತಿಥಿಗಳ ನಡುವೆಯೇ ಇಡುವುದಕ್ಕೆ ಕಾರಣವಿದೆ. ಎರಡನೆಯವರು ಬಂದು ಕೂರುವ, ಮೈಕ್ ಸಿಕ್ಕಿಸುವ ಹೊತ್ತು ಅದರಲ್ಲಿ ಮುಚ್ಚಿಹೋಗುತ್ತದೆ. ಮೊದಲ ಅತಿಥಿ ಉದ್ದ ಎಳೆದರೆ ಒಂದೇ ಬಾಟಲಿಗೆ ಮುಗಿಸಬಹುದು, ಬೇಗ ಒಣಗಿದರೆ ಮೂರನೇ ಬಾಟಲಿ ತೆಗೆಯಬಹುದು. ನಿಯಮ ಒಂದೇ ವಾಕ್ಯದ್ದಾಗಿರಬೇಕು. ನಡುವೆ ಒಂದು ತಿಂಗಳು ಅಂಕ, ಸುತ್ತು ಅಂತೆಲ್ಲ ಸೇರಿಸಿದ್ದೆ. ನಿಯಮ ಹೇಳುವುದಕ್ಕೇ ಒಂದೂವರೆ ನಿಮಿಷ ಹೋಗುತ್ತಿತ್ತು, ಬಿಟ್ಟುಬಿಟ್ಟೆ. ಬಿಪಿ ಇರುವ ಅತಿಥಿಗೆ ಉಪ್ಪಿನಕಾಯಿ ತಿನ್ನಿಸಲು ಹೋಗಿ ಅವರ ಹೆಂಡತಿಯಿಂದ ಬೈಸಿಕೊಂಡಿದ್ದೂ ಉಂಟು. ಈಗ ಅದನ್ನೂ ಫೋನಲ್ಲೇ ಕೇಳುತ್ತೇನೆ.

ಅವತ್ತು ಹುಡುಗ ಹತ್ತು ನಿಮಿಷ ಮಾತಾಡಿದ. ಒಂದೇ ಬಾಟಲಿ ತೆಗೆದೆವು, ಎರಡು ನಿಮಿಷ ತಿರುಗಿ ಸಿಕ್ಕಿತು. ಹಾಸ್ಯಗಾರರು ಗ್ಯಾಸ್‌ಲೈಟ್ ಕತೆ ಹೇಳುವಾಗ ಪಕ್ಕಕ್ಕೆ ಸರಿದು ಕೂತಿದ್ದ ಹುಡುಗ ತಾನೇ ಆ ಲೈಟ್ ಹಿಡಿದವನ ಹಾಗೆ ಕೈ ಎತ್ತಿ ಕೂತ. ಅವರು ಅವನ ಕಡೆ ತಿರುಗಿ ಮಾತಾಡಿಸಲು ಶುರು ಮಾಡಿದರು. ಅದು ಕಾರ್ಡ್‌ನಲ್ಲಿ ಇರಲಿಲ್ಲ. ನಿರೂಪಕಿ ಬಾಯಿ ಹಾಕದೆ ಕೂತಳು. "ಅವನಿಗೂ ಸಂಬಳ ಕೊಡಿ" ಬಂದ ಮೇಲಷ್ಟೇ ನಕ್ಕಳು.

ಈಗ ಅತಿಥಿ ಮೇಲೆ ಬಂದು ಕೂರುವವರೆಗೆ ಅವಳನ್ನು ಕೆಳಗೆ ಜೆರಾಕ್ಸ್ ಅಂಗಡಿಯಲ್ಲಿ ಇರಿಸುತ್ತೇನೆ. ಕಳೆದ ವಾರ ಅತಿಥಿಯೊಬ್ಬರು ಆಧಾರ್ ಕಾರ್ಡ್ ಜೆರಾಕ್ಸ್ ಮಾಡಿಸಲು ಅದೇ ಅಂಗಡಿಗೆ ಹೊಕ್ಕರು. ನಾನು ಮೆಟ್ಟಿಲು ಇಳಿದು ಓಡುವಷ್ಟರಲ್ಲಿ ಎರಡು ಕತೆ ಮುಗಿದಿದ್ದವು.