ಐನೂರು ಬರಲಿ, ಮಾರ್ತೀನಿ

ನಿನ್ನೆ ಸಂಜೆ ಜಯನಗರದ ದರ್ಶಿನಿಯಲ್ಲಿ ಭಾವ ಸಿಕ್ಕಿದ್ದರು. ಮಗಳ ಫೀಸಿಗೆ ಮೂವತ್ತು ಸಾವಿರ ಬೇಕಂತೆ. ಅವರ ಹತ್ತಿರ ಎರಡು ಕಂಪನಿಗಳ ನೂರು ನೂರು ಷೇರು ಇವೆ. ಒಂದನ್ನು 200 ರೂಪಾಯಿಗೆ ಕೊಂಡದ್ದು, ಇನ್ನೊಂದನ್ನು 500ಕ್ಕೆ. ತಮಾಷೆ ನೋಡಿ, ಇವತ್ತು ಎರಡರ ಬೆಲೆಯೂ 300.

ಯಾವುದನ್ನು ಮಾರಿದರೂ ಕೈಗೆ ಬರೋದು ಅಷ್ಟೇ ದುಡ್ಡು. ಭಾವ ಮಾರಿದ್ದು ಲಾಭದ್ದನ್ನು. ನಷ್ಟದ್ದರ ಬಗ್ಗೆ ಕೇಳಿದರೆ, "ಅದು ಐನೂರು ಬರಲಿ, ಆಮೇಲೆ ಮಾರ್ತೀನಿ" ಅಂದರು. 300 ಮತ್ತೆ 500 ಆಗಬೇಕಾದರೆ ಸುಮಾರು 67% ಏರಬೇಕು. ಏರಬಹುದು, ಕಂಪನಿ ಚೆನ್ನಾಗಿದ್ದರೆ. ಆದರೆ ಭಾವ ಎಷ್ಟಕ್ಕೆ ಕೊಂಡಿದ್ದರು ಅಂತ ಮಾರುಕಟ್ಟೆಗೆ ಹೇಗೆ ಗೊತ್ತಾಗಬೇಕು? ಆ ಐನೂರು ಇರೋದು ಅವರ ತಲೆಯಲ್ಲಿ ಮಾತ್ರ. ಮಾರಿದರೆ ನಷ್ಟ ಒಪ್ಪಿಕೊಂಡ ಹಾಗೆ, ಅದೇ ಸಂಕಟ.

"ಈಗ ಕೈಯಲ್ಲಿ ಮೂವತ್ತು ಸಾವಿರ ಇದ್ದರೆ ಈ ಷೇರನ್ನೇ ಕೊಳ್ತೀರಾ ಭಾವ?" ಅಂದೆ. "ಛೆ, ಯಾರು ಕೊಳ್ತಾರೆ!" ಅಂದರು. ಮತ್ತೆ ಇಟ್ಕೊಂಡಿರೋದು ಯಾಕೋ!

ಇದು ಭಾವನ ಕಾಯಿಲೆ ಮಾತ್ರ ಅಲ್ಲ. ಅಮೆರಿಕದಲ್ಲಿ ಟೆರೆನ್ಸ್ ಓಡೀನ್ 10,000 ಷೇರು ಖಾತೆಗಳನ್ನು ನೋಡಿ 1998ರಲ್ಲಿ ಬರೆದದ್ದೂ ಇದನ್ನೇ: ಜನ ಗೆದ್ದದ್ದನ್ನು ಬೇಗ ಮಾರುತ್ತಾರೆ, ಸೋತದ್ದನ್ನು ಹಿಡಿದುಕೊಳ್ಳುತ್ತಾರೆ. ಮಾರಿದವೇ ಮುಂದೆ ಸರಾಸರಿಯಲ್ಲಿ ಚೆನ್ನಾಗಿ ಏರಿದವಂತೆ.

ತೆರಿಗೆ ಬೇರೆ ಇದೆ. ಕೊಂಡು ವರ್ಷ ಆಗಿರಲಿಲ್ಲ, ಹಾಗಾಗಿ ಹತ್ತು ಸಾವಿರದ ಲಾಭಕ್ಕೆ 20% ದರ. ನಷ್ಟದ್ದನ್ನು ಮಾರಿ, ರಿಟರ್ನ್ಸ್ ಸಮಯಕ್ಕೆ ಹಾಕಿದ್ದರೆ ಆ ಇಪ್ಪತ್ತು ಸಾವಿರವನ್ನು ಮುಂದಿನ 8 ವರ್ಷದ ಷೇರು ಲಾಭದಲ್ಲಿ ಕಳೆಯಬಹುದಿತ್ತು.