ಒಂದು ದಿನ ಕೆಟ್ಟಿತೆಂದು ಜಾಹೀರಾತು ಕ್ಯಾಂಪೇನ್ ನಿಲ್ಲಿಸಬೇಕೇ?

"ನಿನ್ನೆ ಇಡೀ ದಿನದ ಬಜೆಟ್ ಖರ್ಚಾಗಿ ಒಂದೇ ಒಂದು ಆರ್ಡರ್ ಬಂತು. ಕ್ಯಾಂಪೇನ್ ಈಗಲೇ ನಿಲ್ಲಿಸಲೇ, ಇನ್ನೂ ಕಾಯಲೇ? ಎಷ್ಟು ಖರ್ಚಾದ ಮೇಲೆ ನಿಲ್ಲಿಸುವುದು ಸರಿ?"

ನಿಲ್ಲಿಸುವ ನಿರ್ಧಾರವನ್ನು ದಿನಗಳ ಲೆಕ್ಕದಲ್ಲಿ ಅಲ್ಲ, ಖರ್ಚಿನ ಲೆಕ್ಕದಲ್ಲಿ ಮಾಡಬೇಕು. ಆ ಖರ್ಚನ್ನು ಅಳೆಯುವ ಕೋಲು ನಿಮ್ಮ ಗುರಿ ವೆಚ್ಚ, ಅಂದರೆ ಒಂದು ಆರ್ಡರಿಗೆ ನೀವು ಕೊಡಲು ಸಿದ್ಧವಿರುವ ಮೊತ್ತ. ಗುರಿ ವೆಚ್ಚ 100, ದಿನದ ಬಜೆಟ್ 400 ಎಂದಿಟ್ಟುಕೊಳ್ಳೋಣ. ಕ್ಯಾಂಪೇನ್ ಗುರಿಗೆ ತಕ್ಕಂತೆಯೇ ನಡೆಯುತ್ತಿದ್ದರೆ ದಿನಕ್ಕೆ ಸರಾಸರಿ 4 ಆರ್ಡರ್ ಬರುತ್ತವೆ. ಆದರೆ ಆರ್ಡರುಗಳು ಗಡಿಯಾರ ನೋಡಿಕೊಂಡು ಬರುವುದಿಲ್ಲ. ಅವು ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತವೆಂದು ಭಾವಿಸಿ ಪಾಯ್ಸಾನ್ ಸೂತ್ರದಿಂದ ಲೆಕ್ಕ ಹಾಕಿದರೆ, ಒಂದು ಆರ್ಡರ್ ಮಾತ್ರ ಬರುವ ಅಥವಾ ಒಂದೂ ಬಾರದ ದಿನದ ಸಾಧ್ಯತೆ ಸುಮಾರು ಶೇ. 9. ಹಾಗಾದರೆ ಆರೋಗ್ಯವಾಗಿರುವ ಕ್ಯಾಂಪೇನಿನಲ್ಲಿಯೂ ತಿಂಗಳಿಗೆ ಎರಡು ಮೂರು ಬಾರಿ ಇಂಥ ದಿನ ಬಂದೇ ಬರುತ್ತದೆ. ನಿನ್ನೆಯ ನಿಮ್ಮ ದಿನವೂ ಅಂಥದ್ದೇ ಆಗಿರಬಹುದು.

ನಾನು ಇಟ್ಟುಕೊಂಡಿರುವ ಮೊದಲ ನಿಯಮ ಹೊಸ ಕ್ಯಾಂಪೇನುಗಳಿಗೆ: ಒಂದೂ ಆರ್ಡರ್ ಇಲ್ಲದೆ ಗುರಿಯ 3 ಪಟ್ಟು ಖರ್ಚಾದರೆ ವಿರಾಮ. ಗುರಿಯಂತೆ ನಡೆಯಬಲ್ಲ ಕ್ಯಾಂಪೇನ್ ಗುರಿಯ 1 ಪಟ್ಟು ಖರ್ಚಿನಲ್ಲಿ ಒಂದೂ ಆರ್ಡರ್ ತರದಿರುವ ಸಾಧ್ಯತೆ ಶೇ. 37, 2 ಪಟ್ಟಿನಲ್ಲಿ ಶೇ. 14ರ ಹತ್ತಿರ, 3 ಪಟ್ಟಿನಲ್ಲಿ ಶೇ. 5. ಒಂದು ಪಟ್ಟಿಗೇ ಕೈ ಹಾಕುವವರು ಒಳ್ಳೆಯ ಕ್ಯಾಂಪೇನುಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಮೊಳಕೆಯಲ್ಲೇ ಚಿವುಟುತ್ತಾರೆ, ಮತ್ತು ಹಾಗೆ ಚಿವುಟಿದ್ದು ಅವರಿಗೆ ಎಂದೂ ತಿಳಿಯುವುದಿಲ್ಲ. ವಿರಾಮ ಕೊಡುವ ಮೊದಲು ಇನ್ನೊಂದನ್ನು ನೋಡಿ: ಬೇರೆ ಕ್ಯಾಂಪೇನುಗಳಲ್ಲಿಯೂ ಅದೇ ಹೊತ್ತಿಗೆ ಆರ್ಡರ್ ನಿಂತಿದ್ದರೆ ಕೆಟ್ಟಿರುವುದು ಜಾಹೀರಾತಲ್ಲ, ಆರ್ಡರ್ ಎಣಿಸುವ ಟ್ರ್ಯಾಕಿಂಗ್ ಅಥವಾ ಹಣ ಪಾವತಿಯ ಪುಟ.

ಈ ನಿಯಮಕ್ಕೆ ಒಂದು ಮಿತಿಯಿದೆ. ಇದು ಸತ್ತ ಕ್ಯಾಂಪೇನನ್ನು ಹಿಡಿಯುತ್ತದೆಯೇ ಹೊರತು ಗುರಿಗಿಂತ ಒಂದೂವರೆ ಪಟ್ಟು ದುಬಾರಿಯಾಗಿ ಎಳೆಯುತ್ತಿರುವುದನ್ನು ಹಿಡಿಯುವುದಿಲ್ಲ. ಅಂಥದ್ದು 300 ಖರ್ಚಾಗುವುದರೊಳಗೆ ಬಹುತೇಕ ಒಂದೆರಡು ಆರ್ಡರ್ ತಂದು ಪಾರಾಗುತ್ತದೆ. ಅದಕ್ಕಾಗಿ ಎರಡನೇ ನಿಯಮ, ಪೂರ್ತಿಯಾಗಿ ಮುಗಿಸುವುದಕ್ಕೆ: ಗುರಿಯ 10 ಪಟ್ಟು ಖರ್ಚಾದಾಗ ಒಂದು ಆರ್ಡರಿನ ವೆಚ್ಚ ಗುರಿಯ ಎರಡು ಪಟ್ಟು ಅಥವಾ ಹೆಚ್ಚಿದ್ದರೆ ಮುಗಿಸಿ. 20 ಪಟ್ಟು ಖರ್ಚಾದಾಗ ಒಂದೂವರೆ ಪಟ್ಟು ಮೀರಿದ್ದರೂ ಸಾಕು. ಖರ್ಚು ಬೆಳೆದಂತೆ ಅದೃಷ್ಟದ ಪಾಲು ಕುಗ್ಗುವುದರಿಂದ ಸಹನೆಯೂ ಕುಗ್ಗಬೇಕು. ಈ ಎರಡು ಹಂತಗಳಲ್ಲಿ ಮಾತ್ರ ನೋಡಿ. ದಿನವೂ ಇಣುಕಿ ಇದೇ ಅಳತೆ ಹಿಡಿದರೆ ತಪ್ಪಾಗಿ ಕೊಲ್ಲುವ ಅವಕಾಶಗಳು ಒಂದರ ಮೇಲೊಂದು ಕೂಡುತ್ತಾ ಹೋಗುತ್ತವೆ.

ಈಗ ನಿಮ್ಮ ಪ್ರಕರಣವನ್ನೇ ಹಾಕಿ ನೋಡೋಣ. ಮೊದಲ ಐದು ದಿನ 2000 ಖರ್ಚಾಗಿ 19 ಆರ್ಡರ್ ಬಂದಿದ್ದವೆನ್ನೋಣ, ವೆಚ್ಚ 105. ಆರನೇ ದಿನ 400ಕ್ಕೆ ಒಂದೇ ಆರ್ಡರ್. ಆ ದಿನವನ್ನಷ್ಟೇ ನೋಡಿದರೆ ವೆಚ್ಚ ಗುರಿಯ ನಾಲ್ಕು ಪಟ್ಟು, ಒಟ್ಟು ನೋಡಿದರೆ 2400ಕ್ಕೆ 20, ಅಂದರೆ 120. ಒಂದೂವರೆ ಪಟ್ಟಿನ ಗಡಿ ಇನ್ನೂ ದೂರವಿದೆ. ಮೇಲಾಗಿ ಜನ ಇಂದು ಕ್ಲಿಕ್ ಮಾಡಿ ನಾಳೆಯೋ ನಾಡಿದ್ದೋ ಕೊಳ್ಳುತ್ತಾರೆ. ಗೂಗಲ್ ಆ್ಯಡ್ಸ್ ಅಂಥ ಆರ್ಡರನ್ನು ಸಾಮಾನ್ಯವಾಗಿ ಕ್ಲಿಕ್ ಆದ ದಿನದ ಖಾತೆಗೇ ಹಾಕುವುದರಿಂದ, ಕೆಟ್ಟದಾಗಿ ಕಂಡ ದಿನ ಎರಡು ದಿನ ಕಳೆದ ಮೇಲೆ ಅಷ್ಟೊಂದು ಕೆಟ್ಟದಾಗಿ ಕಾಣದೇ ಇರಬಹುದು. ತಡವಾಗಿ ಎರಡು ಆರ್ಡರ್ ಸೇರಿದರೂ ಈ ಲೆಕ್ಕ 109ಕ್ಕೆ ಇಳಿಯುತ್ತದೆ. ಆದ್ದರಿಂದ ಸ್ವಯಂಚಾಲಿತ ನಿಯಮ ಬರೆಯುವಾಗ ಅವಧಿಯನ್ನು "ನಿನ್ನೆ" ಎಂದು ಇಡಬೇಡಿ. ನಿಮ್ಮ ಗ್ರಾಹಕರು ಕೊಳ್ಳಲು ತೆಗೆದುಕೊಳ್ಳುವಷ್ಟು ದಿನಗಳನ್ನು ಕೊನೆಯಿಂದ ಬಿಟ್ಟು ಉಳಿದದ್ದನ್ನು ಲೆಕ್ಕಕ್ಕೆ ಹಿಡಿಯಿರಿ. ಗೂಗಲ್ ಆ್ಯಡ್ಸ್ ಒಂದೇ ದಿನ ಸರಾಸರಿ ದಿನದ ಬಜೆಟ್ಟಿನ ಎರಡು ಪಟ್ಟಿನವರೆಗೂ ಖರ್ಚು ಮಾಡಬಹುದು. ಒಂದು ದಿನದ ಖರ್ಚಿನ ಮೇಲೆ ನಿಯಮ ಕಟ್ಟದಿರಲು ಅದೂ ಒಂದು ಕಾರಣ.

ವಿರಾಮವೂ ಪುಕ್ಕಟೆಯಲ್ಲ. ಮೆಟಾದಲ್ಲಿ ಏಳು ದಿನ ಅಥವಾ ಅದಕ್ಕಿಂತ ಹೆಚ್ಚು ನಿಲ್ಲಿಸಿಟ್ಟ ಜಾಹೀರಾತನ್ನು ಮತ್ತೆ ಚಾಲೂ ಮಾಡಿದರೆ ಅದು ಕಲಿಕೆಯ ಹಂತಕ್ಕೆ, ಅಂದರೆ ಯಾರಿಗೆ ತೋರಿಸಿದರೆ ಫಲ ಸಿಗುತ್ತದೆಂದು ಮೆಟಾ ಹೊಸದಾಗಿ ಕಲಿಯುವ ಹಂತಕ್ಕೆ, ಹಿಂದಿರುಗುತ್ತದೆ. ಹಾಗಾಗಿ ವಿರಾಮದ ಅವಧಿಯಲ್ಲಿ ಜಾಹೀರಾತು, ಪುಟ, ನೋಡುಗರ ಗುಂಪು ಈ ಮೂರರಲ್ಲಿ ಒಂದನ್ನಾದರೂ ಬದಲಾಯಿಸುವ ಉದ್ದೇಶವಿದ್ದರೆ ಮಾತ್ರ ಮತ್ತೆ ಆರಂಭಿಸಿ, ಆಗ ಲೆಕ್ಕವನ್ನು ಸೊನ್ನೆಯಿಂದ ಎಣಿಸಿ. ಏನನ್ನೂ ಬದಲಿಸದೆ ಆರಂಭಿಸಿದರೆ ಹಳೆಯ ಖರ್ಚೂ ಲೆಕ್ಕದಲ್ಲಿ ಉಳಿಯಬೇಕು. ನಾನೇ ಒಮ್ಮೆ ಅದನ್ನು ಮರೆತಂತೆ ನಟಿಸಿ, ಒಂದೇ ಕ್ಯಾಂಪೇನಿಗೆ ನಾಲ್ಕು ಬಾರಿ ಮೂರು ಪಟ್ಟಿನ ಅವಕಾಶ ಕೊಟ್ಟಿದ್ದೆ.