ಒಡೆದ ಪೈಪನ್ನು ಎಸೆಯಬೇಡಿ

ವಿಮಾ ಸರ್ವೇಯರ್ ಆಗಿ ನೀರು ಸೋರಿದ ಮನೆಗೆ ಹೋದಾಗಲೆಲ್ಲ ನನಗೆ ಮೊದಲು ಕೇಳಿಸುವ ಮಾತು, "ನೀರು ಬಂದದ್ದು ಮೇಲಿನ ಮನೆಯಿಂದ, ಅವರ ವಿಮೆಯೇ ಕೊಡಲಿ" ಎಂಬುದು. ಹೀಗೆ ಕಾಯುತ್ತ ಕುಳಿತು ನಷ್ಟ ಮಾಡಿಕೊಂಡವರನ್ನು ಕಂಡು ಬೇಸರವಾಗುತ್ತದೆ.

ಒಂದು ಪ್ರಕರಣ ಹೇಳುತ್ತೇನೆ. ಮೇಲಿನ ಫ್ಲ್ಯಾಟಿನಲ್ಲಿ ವಾಶ್‌ಬೇಸಿನ್ ಕೆಳಗಿನ ಬಳುಕುವ ಕನೆಕ್ಷನ್ ಪೈಪ್ ರಾತ್ರಿ ಒಡೆದಿತ್ತು. ಬೆಳಗಾಗುವಷ್ಟರಲ್ಲಿ ಕೆಳಮನೆಯ ಮಲಗುವ ಕೋಣೆಯ ಛಾವಣಿ ನೆನೆದು, ಮರದ ಬೀರು ಉಬ್ಬಿತ್ತು. ಕೆಳಮನೆಯಾಕೆ ತಮ್ಮ ವಿಮಾ ಕಂಪನಿಗೆ ತಿಳಿಸದೆ ಮೂರು ವಾರ ಮೇಲಿನವರ ಬೆನ್ನು ಹತ್ತಿದರು. ಕೊನೆಗೆ ಮೇಲಿನವರ ಹೊಣೆಗಾರಿಕೆ ವಿಮೆಯಿಂದ ಬಂದ ಉತ್ತರ: ನಿರ್ಲಕ್ಷ್ಯ ಸಾಬೀತಾಗಿಲ್ಲ, ಹಣವಿಲ್ಲ.

ಆ ಉತ್ತರ ಕಟುವಾಗಿದ್ದರೂ ಅದರ ತರ್ಕ ಸರಿ. ಹೊಣೆಗಾರಿಕೆ ವಿಮೆ ಸಾಮಾನ್ಯವಾಗಿ ಹಣ ಕೊಡುವುದು ಮನೆಯವರು ಕಾನೂನಿನ ಪ್ರಕಾರ ತಪ್ಪಿತಸ್ಥರಾದಾಗ ಮಾತ್ರ. ಪೈಪ್ ಹನಿಯುತ್ತಿದ್ದುದು ಗೊತ್ತಿದ್ದೂ ಬಿಟ್ಟಿದ್ದರೆ ಅದು ತಪ್ಪು. ಸೂಚನೆಯೇ ಇಲ್ಲದೆ ಒಡೆದರೆ ತಪ್ಪು ತೋರಿಸುವುದು ಕಷ್ಟ. ನೀರು ಅವರ ಮನೆಯದು ಎಂಬುದಷ್ಟೇ ಸಾಕಾಗದು.

ಆದ್ದರಿಂದ ಮೊದಲ ಕ್ಲೇಮು ನಿಮ್ಮ ಸ್ವಂತ ಪಾಲಿಸಿಯ ಮೇಲೇ ಇರಲಿ. ಅಲ್ಲಿ ಯಾರ ತಪ್ಪು ಎಂಬ ಪ್ರಶ್ನೆ ಏಳುವುದಿಲ್ಲ. ಹಠಾತ್ತನೆ ಒಡೆದ ಪೈಪಿನ ನೀರು ಪಾಲಿಸಿಯ ವ್ಯಾಪ್ತಿಯಲ್ಲಿದೆಯೇ ಎಂಬುದಷ್ಟೇ ಪ್ರಶ್ನೆ. ಬೀರು, ಹಾಸಿಗೆಗಳಿಗೆ ಗೃಹೋಪಯೋಗಿ ವಸ್ತುಗಳ ವಿಮೆ. ಛಾವಣಿ, ಗೋಡೆಗಳಿಗೆ ಕಟ್ಟಡದ ವಿಮೆ. ಹಲವೆಡೆ ಅದು ನಿವಾಸಿಗಳ ಸಂಘದ ಹೆಸರಿನಲ್ಲಿರುತ್ತದೆ. ಹಣ ಕೊಟ್ಟ ಮೇಲೆ ತಪ್ಪಿತಸ್ಥರಿಂದ ವಸೂಲು ಮಾಡುವ ಹಕ್ಕು ನಿಮ್ಮ ಕಂಪನಿಗೆ ಬರುತ್ತದೆ. ಅದಕ್ಕೇ, "ಇನ್ನು ನಮ್ಮ ನಡುವೆ ಲೆಕ್ಕವಿಲ್ಲ" ಎಂದು ಮೇಲಿನವರಿಗೆ ಬರೆದುಕೊಡಬೇಡಿ. ಆ ಹಕ್ಕು ಅಲ್ಲಿಗೇ ಮುಗಿಯಬಹುದು, ನಿಮ್ಮ ಕ್ಲೇಮಿಗೂ ತೊಡಕಾಗಬಹುದು.

ನಿಧಾನವಾಗಿ ಒಸರಿದ ನೀರಿಗೆ ಹೆಚ್ಚಿನ ಪಾಲಿಸಿಗಳು ಹಣ ಕೊಡುವುದಿಲ್ಲ. ಇದನ್ನು ನಾನು ಛಾವಣಿಯ ಕಲೆಯಲ್ಲೇ ಹುಡುಕುತ್ತೇನೆ. ಒಂದರೊಳಗೊಂದು ಕಂದು ಬಳೆಗಳಂತೆ ಕಂಡರೆ ಹಲವು ಸಲ ನೆನೆದು ಒಣಗಿದ ಗುರುತು. ಒಂದೇ ಅಂಚಿದ್ದರೆ ಒಂದೇ ಸಲದ ನೀರು ಎಂಬುದರತ್ತ ಬೆರಳು ತೋರುತ್ತದೆ. ಈ ಮನೆಯಲ್ಲಿ ಒಂದೇ ಅಂಚಿತ್ತು. ಆದರೆ ಮೂರು ವಾರದಲ್ಲಿ ಬೀರಿನ ಹಿಂದೆ ಬೂಷ್ಟು ಹಬ್ಬಿತ್ತು. ಬೇಗ ಒಣಗಿಸಿದ್ದರೆ ತಪ್ಪುತ್ತಿದ್ದ ಆ ಹಾನಿಯನ್ನು ನಾನು ವರದಿಯಲ್ಲಿ ಬೇರೆಯಾಗಿ ತೋರಿಸಲೇಬೇಕಾಯಿತು, ಕಂಪನಿ ಅದನ್ನು ಕಳೆಯಿತು.

ಉಳಿದ ಹಾನಿಗೆ ಆಕೆಯ ಪಾಲಿಸಿ ಹಣ ಕೊಟ್ಟಿತು. ಮೇಲಿನವರಿಂದ ವಸೂಲು ಮಾತ್ರ ಆಗಲಿಲ್ಲ. ಪೈಪಿನ ಲೋಹದ ಹೆಣಿಗೆಯಲ್ಲಿ ಹಳೆಯ ತುಕ್ಕು ಇದ್ದಿದ್ದರೆ ಮೊದಲೇ ಹನಿಯುತ್ತಿತ್ತೆಂದು ವಾದಿಸಬಹುದಿತ್ತು. ಕೊಳಾಯಿ ಕೆಲಸದವನು ಹೊಸದನ್ನು ಹಾಕಿ, ಹಳೆಯದನ್ನು ಅಂದೇ ಕಸಕ್ಕೆ ಎಸೆದಿದ್ದ. ಅದರ ಒಂದು ಫೋಟೊವನ್ನೂ ಯಾರೂ ತೆಗೆದಿರಲಿಲ್ಲ.